‘ಹಲೋ’ ಕೇಳಿ ಸ್ವಭಾವ ‘ಗುರುತಿಸಿದರು’ ಅನ್ನಬಹುದಾ?

ಶಾರದಾ:
ಎಲ್ಲರಿಗೂ ನಮಸ್ಕಾರ. ಒಂದು ಲೇಖನ ಬರೆಯುತ್ತಿದ್ದೇನೆ, ಒಂದು ಕ್ರಿಯಾಪದದ ಹತ್ತಿರ ನಿಂತುಬಿಟ್ಟಿದ್ದೇನೆ.

ಗ್ಲಾಸ್ಗೋ ವಿಶ್ವವಿದ್ಯಾಲಯದ ಮ್ಯಾಕ್‌ಅಲೀರ್, ಬೆಲಿನ್ ಮತ್ತು ಅವರ ಜೊತೆ ಟೊಡೊರೊವ್ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಲೇಖನ. 64 ಜನರಿಂದ ಒಂದು ಬರಹ ಓದಿಸಿ ರೆಕಾರ್ಡ್ ಮಾಡಿಕೊಂಡು, ಅದರಿಂದ ‘ಹಲೋ’ ಅನ್ನುವ ಒಂದೇ ಮಾತನ್ನು ಕತ್ತರಿಸಿ ತೆಗೆದರು. ಒಂದೊಂದು ತುಣುಕೂ ಸರಾಸರಿ ಅರ್ಧ ಸೆಕೆಂಡಿಗಿಂತ ಕಡಿಮೆ. 320 ಕೇಳುಗರು ಅದನ್ನು ಕೇಳಿ, ಈ ದನಿಯವರು ನಂಬಿಕಸ್ತರಾ, ಜೋರಿನವರಾ, ಆತ್ಮೀಯರಾ ಅಂತ 1ರಿಂದ 9ರವರೆಗೆ ಅಂಕ ಕೊಟ್ಟರು. ಯಾವ ದನಿ ಹೇಗೆ ಅನ್ನುವುದರಲ್ಲಿ ಕೇಳುಗರು ಒಬ್ಬರಿಗೊಬ್ಬರು ಚೆನ್ನಾಗಿ ಹೊಂದಿಕೊಂಡರು.

ನಾನು ಬರೆದ ವಾಕ್ಯ: ‘ಒಂದೇ ಒಂದು ಹಲೋ ಕೇಳಿ ಕೇಳುಗರು ಮಾತನಾಡಿದವರ ಸ್ವಭಾವವನ್ನು ಗುರುತಿಸಿದರು.’ ಓದಿದ ಸ್ನೇಹಿತೆ ಇದು ತಪ್ಪು ಅಂತಾಳೆ. ವ್ಯಾಕರಣ ಸರಿಯಾಗೇ ಇದೆ ಅಲ್ವಾ, ಹಾಗಾದರೆ ಅವಳಿಗೆ ಅಡ್ಡ ಬರುತ್ತಿರುವುದು ಏನು? ಜೊತೆಗೆ ಇನ್ನೊಂದು ಪ್ರಶ್ನೆ: ಹೀಗೆ ಕ್ಷಣದಲ್ಲಿ ಮೂಡುವುದನ್ನು ‘ಮೊದಲ ನೋಟದ ಅಭಿಪ್ರಾಯ’ ಅನ್ನೋಣವೆಂದರೆ ಇಲ್ಲಿ ನೋಟವೇ ಇಲ್ಲ, ಬರೀ ದನಿ.

ವೆಂಕಟೇಶ್:
ಶಾರದಾ ಮೇಡಂ, ನಿಮ್ಮ ಸ್ನೇಹಿತೆ ಹೇಳಿದ್ದು ಸರಿ. ನಾನು ಮನಶ್ಶಾಸ್ತ್ರ ಪಾಠ ಮಾಡುತ್ತೇನೆ, ವಿದ್ಯಾರ್ಥಿಗಳೂ ಇಲ್ಲೇ ಎಡವುತ್ತಾರೆ.

‘ಗುರುತಿಸು’ ಅಂದರೆ ಇರುವುದನ್ನು ಕಂಡುಹಿಡಿಯುವುದು. ‘ಕಳ್ಳನನ್ನು ಗುರುತಿಸಿದರು’ ಅಂದ ಮೇಲೆ ಅವನು ಕಳ್ಳ ಹೌದು ಅಂತ ನೀವು ಒಪ್ಪಿಕೊಂಡ ಹಾಗೆ. ‘ಪತ್ತೆ ಹಚ್ಚಿದರು’, ‘ಅರಿತರು’ ಕೂಡ ಹಾಗೆಯೇ. ಆದರೆ ಆ ಅಧ್ಯಯನದಲ್ಲಿ ‘ಹಲೋ’ ಹೇಳಿದವರು ನಿಜಕ್ಕೂ ನಂಬಿಕಸ್ತರೋ ಅಲ್ಲವೋ ಅನ್ನುವುದನ್ನು ಯಾರೂ ಅಳೆಯಲೇ ಇಲ್ಲ. ಅಳೆದದ್ದು ಕೇಳುಗರು ಪರಸ್ಪರ ಎಷ್ಟು ಒಪ್ಪುತ್ತಾರೆ ಅನ್ನುವುದನ್ನು.

ಒಂದು ದನಿಯನ್ನೇ ತೆಗೆದುಕೊಳ್ಳಿ. ಅದಕ್ಕೆ ನಂಬಿಕೆಯ ಸಾಲಿನಲ್ಲಿ ಒಬ್ಬರು 7, ಇನ್ನೊಬ್ಬರು 8, ಮತ್ತೊಬ್ಬರು 7 ಕೊಟ್ಟರು ಅಂದುಕೊಳ್ಳಿ. ಇದರಿಂದ ಆ ಮೂವರ ಕಿವಿ ಒಂದೇ ಥರ ಕೇಳಿಸಿಕೊಳ್ಳುತ್ತದೆ ಅಂತ ಗೊತ್ತಾಯಿತು, ದನಿಯ ಒಡೆಯನ ಬಗ್ಗೆ ಏನೂ ಗೊತ್ತಾಗಲಿಲ್ಲ. ಅವನು ಸಾಲ ತೀರಿಸದವನೇ ಇರಬಹುದು, ಆಗಲೂ ಈ ಅಂಕಗಳು ಹೀಗೆಯೇ ಇರುತ್ತವೆ. ಅವನ ಬಗ್ಗೆ ಹೇಳಬೇಕಾದರೆ ಬೇರೆಯೇ ಅಳತೆ ಬೇಕು: ಕೈಗೆ ದುಡ್ಡು ಕೊಟ್ಟು, ವಾಪಸ್ ಕೊಡುವುದು ಅವನಿಗೆ ಬಿಟ್ಟದ್ದು ಅಂದಾಗ ಎಷ್ಟು ಕೊಡುತ್ತಾನೆ, ಆ ಥರದ್ದು.

ಎಲ್ಲರ ಕಿವಿಯೂ ಯಾಕೆ ಹೊಂದಿತು ಅಂದರೆ, ದನಿಯ ಏರಿಳಿತ ಎಲ್ಲರಿಗೂ ಒಂದೇ. ಆ ಅಧ್ಯಯನದ ಗಂಡು ದನಿಗಳಲ್ಲಿ ಸ್ಥಾಯಿ ಸ್ವಲ್ಪ ಮೇಲಿದ್ದವು ಜಾಸ್ತಿ ನಂಬಿಕಸ್ತ ಅನಿಸಿದವು.

ಹಾಗಾಗಿ ‘ಸ್ವಭಾವ ಇಂಥದ್ದು ಅಂತ ಕೇಳುಗರಿಗೆ ಅನಿಸಿತು’ ಅಂತ ಬರೆಯಿರಿ. ‘ಅನಿಸಿತು’ ನಿಜವೂ ಆಗಬಹುದು, ಸುಳ್ಳೂ ಆಗಬಹುದು. ಇಲ್ಲಿ ಬೇಕಾದದ್ದು ಆ ಸಡಿಲವೇ.

ಮಂಜುನಾಥ್:
ಇದರಲ್ಲಿ ಅಚ್ಚರಿ ಏನಿಲ್ಲ. ನಾವು ಮಾತಿನಿಂದ ತಲುಪಿಸುವುದು ಬರೀ 7 ಪರ್ಸೆಂಟ್, ದನಿಯಿಂದ 38, ಉಳಿದ 55 ಮುಖ ಮತ್ತು ಮೈಭಾಷೆಯಿಂದ. ಇದು ವಿಜ್ಞಾನಿಗಳೇ ಹೇಳಿದ್ದು. ಇದನ್ನೂ ಲೇಖನಕ್ಕೆ ಸೇರಿಸಿ, ‘ಗುರುತಿಸಿದರು’ ಅನ್ನುವುದಕ್ಕೆ ಬಲ ಬರುತ್ತದೆ.

ವೆಂಕಟೇಶ್:
ಮಂಜುನಾಥ್ ಅವರೇ, ಆ ಅಂಕಿಗಳು ಇರುವುದು ನಿಜ, ಆದರೆ ನೀವು ಹೇಳಿದ ಅರ್ಥದಲ್ಲಿ ಅಲ್ಲ. ಅವು ಆಲ್ಬರ್ಟ್ ಮೆಹ್ರೇಬಿಯನ್ ಅವರ 1967ರ ಎರಡು ಪ್ರಯೋಗಗಳನ್ನು ಜೋಡಿಸಿ ಬಂದವು. ಬಿಡಿ ಬಿಡಿ ಮಾತುಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಒಂದರಲ್ಲಿ ಜೊತೆಗೆ ಮುಖದ ಫೋಟೋನೂ ತೋರಿಸಿ, ಹೇಳಿದವರಿಗೆ ಎದುರಿನವರು ಇಷ್ಟವೋ ಇಲ್ಲವೋ ಅಂತ ಕೇಳಿದ್ದರು. ಮಾತು ಒಂದು ಹೇಳಿ ದನಿ ಇನ್ನೊಂದು ಹೇಳಿದಾಗ ಜನ ಯಾವುದನ್ನು ನೆಚ್ಚುತ್ತಾರೆ ಅನ್ನುವುದಷ್ಟೇ ಅಲ್ಲಿನ ವಿಷಯ. ಎಲ್ಲ ಮಾತುಕತೆಗೂ ಅದನ್ನು ಹಚ್ಚಬಾರದು ಅಂತ ಅವರೇ ಹೇಳಿದ್ದಾರೆ. ದನಿಗೆ ತೂಕ ಇದೆ ಅನ್ನುವ ನಿಮ್ಮ ಮಾತು ಸರಿ. ತೂಕ ಇದ್ದ ಮಾತ್ರಕ್ಕೆ ಅದು ನಿಜ ಹೇಳುತ್ತಿದೆ ಅಂತ ಆಗುವುದಿಲ್ಲ.

ರೇಖಾ:
ನನಗೂ ಇದೇ ಸಮಸ್ಯೆ! ನನ್ನ ದನಿ ಸ್ವಲ್ಪ ಗಡುಸು. ಫೋನಿನಲ್ಲಿ ‘ಹಲೋ’ ಅಂದ ಕೂಡಲೇ ಎಷ್ಟೋ ಜನ ‘ಕೋಪದಲ್ಲಿದ್ದೀರಾ, ಆಮೇಲೆ ಮಾಡಲಾ’ ಅಂತಾರೆ, ನನಗೆ ಕೋಪ ಇರುವುದೇ ಇಲ್ಲ. ಇದನ್ನು ಹೇಗೆ ಸರಿ ಮಾಡಿಕೊಳ್ಳುವುದು, ಯಾವ ಸ್ಥಾಯಿಯಲ್ಲಿ ಮಾತಾಡಬೇಕು ಅಂತ ಆ ಅಧ್ಯಯನದಲ್ಲಿ ಬರೆದಿದ್ದಾರಾ?

ಶಾರದಾ:
ರೇಖಾ ಮೇಡಂ, ನನ್ನ ಪ್ರಶ್ನೆ ಪದದ್ದು. ಆದರೆ ನೀವು ಹೇಳಿದ್ದರಿಂದಲೇ ನನಗೆ ವಿಷಯ ಬಿಡಿಸಿತು. ಅಷ್ಟು ಜನಕ್ಕೆ ಒಂದೇ ಥರ ಅನಿಸಿದೆ, ಅಷ್ಟೂ ಜನ ತಪ್ಪು. ಅವರು ನಿಮ್ಮ ಕೋಪವನ್ನು ‘ಗುರುತಿಸಿದರು’ ಅಂತ ಬರೆದರೆ ನೀವೇ ಒಪ್ಪುವುದಿಲ್ಲ. ಕ್ರಿಯಾಪದ ಬದಲಿಸುತ್ತೇನೆ.

ನಾಮಪದ ಮಾತ್ರ ಉಳಿಯಿತು. ‘ಅನಿಸಿಕೆ’ ಸಾಕಾ?

ಗಿರಿಜಾ:
‘ಅನಿಸಿಕೆ’ ನನಗೆ ಒಪ್ಪಿಗೆ ಇಲ್ಲ. ‘ನಿಮ್ಮ ಅನಿಸಿಕೆ ತಿಳಿಸಿ’ ಅಂತ ಕೇಳಿದಾಗ ನಾವು ಯೋಚಿಸಿ ಬರೆಯುತ್ತೇವೆ. ಇಲ್ಲಿ ಯೋಚನೆಗೆ ಸಮಯವೇ ಇಲ್ಲ. ‘ತೀರ್ಮಾನ’ ಅಂದರೆ ಇನ್ನೂ ಭಾರ. ‘ಮೊದಲ ಎಣಿಕೆ’ ಹೇಗೆ? ಎಣಿಸಿದ್ದು ತಪ್ಪಾಗಬಹುದು ಅನ್ನುವುದು ಆ ಪದದಲ್ಲೇ ಇದೆ.

ವೆಂಕಟೇಶ್:
‘ಎಣಿಕೆ’ ಅಂದರೆ ಈಗ ಹೆಚ್ಚಿನವರಿಗೆ ಲೆಕ್ಕ ಮಾಡುವುದೇ ನೆನಪಿಗೆ ಬರುತ್ತದೆ, ಮತ ಎಣಿಕೆಯ ಹಾಗೆ. ‘ಅನಿಸಿಕೆ’ಯಲ್ಲಿ ಯೋಚನೆಯ ನೆರಳಿದೆ ಅನ್ನುವುದನ್ನು ಒಪ್ಪುತ್ತೇನೆ, ಆದರೂ ‘ತಟ್ಟನೆ ಮೂಡುವ ಅನಿಸಿಕೆ’ ಅಂದರೆ ಆ ನೆರಳು ಹೋಗುತ್ತದೆ. ಸಮಯದ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. 2006ರಲ್ಲಿ ಜನೀನ್ ವಿಲ್ಲಿಸ್ ಮತ್ತು ಇದೇ ಟೊಡೊರೊವ್ ಮುಖಗಳ ಫೋಟೋವನ್ನು ಸೆಕೆಂಡಿನ ಹತ್ತನೇ ಒಂದು ಪಾಲು ಮಾತ್ರ ತೋರಿಸಿದರು. ಆಗ ಅನಿಸಿದ್ದು, ಬೇಕಾದಷ್ಟು ಹೊತ್ತು ನೋಡಿದವರಿಗೆ ಅನಿಸಿದ್ದಕ್ಕೆ ಹತ್ತಿರವೇ ಇತ್ತು. ಅರ್ಧ ಸೆಕೆಂಡು, ಒಂದು ಸೆಕೆಂಡು ಅಂತ ಸಮಯ ಹೆಚ್ಚು ಕೊಟ್ಟಾಗ ಮುಖ್ಯವಾಗಿ ಏರಿದ್ದು ತಮ್ಮ ಮಾತಿನ ಮೇಲೆ ಅವರಿಗಿದ್ದ ಭರವಸೆ. ಅಂದರೆ ಹೆಚ್ಚು ಹೊತ್ತು ನೋಡಿ ಹೇಳಿದ್ದು ಯೋಚಿಸಿ ಹೇಳಿದ್ದೇ ಅಂತ ಹೇಳಲಾಗದು, ಗಿರಿಜಾ ಮೇಡಂ.

ಮಂಜುನಾಥ್:
ಹಾಗಾದರೆ ಚೂರು ನೋಡಿ ಸರಿಯಾಗಿ ಹೇಳುವುದು ಸಾಧ್ಯವೇ ಇಲ್ಲವಾ? ಮೇಷ್ಟ್ರುಗಳ ವಿಡಿಯೋ ತೋರಿಸಿದ ಪ್ರಯೋಗ ಒಂದಿತ್ತಲ್ಲ.

ವೆಂಕಟೇಶ್:
ಇದೆ, ಅಂಬಾಡಿ ಮತ್ತು ರೋಸೆಂಥಾಲ್, 1993. ಪಾಠ ಮಾಡುವವರ ವಿಡಿಯೋವನ್ನು ದನಿ ತೆಗೆದು ಕೆಲವೇ ಸೆಕೆಂಡು ತೋರಿಸಿದರು. ಗುರುತು ಪರಿಚಯ ಇಲ್ಲದವರು ಕೊಟ್ಟ ಅಂಕ, ಆ ಪಾಠ ಮಾಡುವವರ ವಿದ್ಯಾರ್ಥಿಗಳು ಸೆಮಿಸ್ಟರ್ ಕೊನೆಗೆ ಕೊಟ್ಟ ಅಂಕಕ್ಕೆ ಚೆನ್ನಾಗಿ ತಾಳೆಯಾಯಿತು. ಇಲ್ಲಿ ಹೊರಗಿನ ಅಳತೆ ಅಂತ ಒಂದಾದರೂ ಇದೆ. ಆದರೆ ಆ ಅಳತೆಯೂ ವಿದ್ಯಾರ್ಥಿಗಳಿಗೆ ಅನಿಸಿದ್ದೇ. ಹಾಗಾಗಿ ಒಳ್ಳೆಯ ಮೇಷ್ಟ್ರನ್ನು ‘ಗುರುತಿಸಿದರು’ ಅನ್ನಲು ನಾನು ಇಲ್ಲೂ ಹಿಂಜರಿಯುತ್ತೇನೆ, ‘ತಾಳೆಯಾಯಿತು’ ಅಂತ ನಿಲ್ಲಿಸುತ್ತೇನೆ. ನನ್ನ ಈ ಹಿಂಜರಿಕೆಯನ್ನು ಮನಶ್ಶಾಸ್ತ್ರ ಪಾಠ ಮಾಡುವ ಬೇರೆಯವರು ಒಪ್ಪದೆಯೂ ಇರಬಹುದು.

ಶಾರದಾ:
ಈಗಿನ ವಾಕ್ಯ: ‘ಅರ್ಧ ಸೆಕೆಂಡೂ ಇಲ್ಲದ ಒಂದು ಹಲೋ ಕೇಳಿ, ಆ ದನಿಯವರು ಇಂಥವರು ಅಂತ ಕೇಳುಗರಿಗೆ ಅನಿಸಿತು. ಅನಿಸಿದ್ದು ಬಹಳ ಮಟ್ಟಿಗೆ ಎಲ್ಲರಿಗೂ ಒಂದೇ. ಅದು ನಿಜವೋ ಅಲ್ಲವೋ ಅನ್ನುವುದನ್ನು ಇಲ್ಲಿ ಪರೀಕ್ಷಿಸಿಲ್ಲ.’ ತಲೆಬರಹಕ್ಕೆ ಸದ್ಯಕ್ಕೆ ‘ತಟ್ಟನೆ ಮೂಡುವ ಅನಿಸಿಕೆ’ ಇಟ್ಟಿದ್ದೇನೆ.

ಗಿರಿಜಾ:
ವಾಕ್ಯ ಚೆನ್ನಾಗಿದೆ. ತಲೆಬರಹಕ್ಕೆ ನನ್ನ ತಕರಾರು ಹಾಗೇ ಇದೆ. ‘ತಟ್ಟನೆ ಅನಿಸಿದ್ದು’ ಅಂತಲೇ ಬಿಟ್ಟರೆ ‘ಅನಿಸಿಕೆ’ಯ ಗೊಡವೆಯೇ ಇರುವುದಿಲ್ಲ, ನೋಡಿ.