ಅಪ್‌ಡೇಟ್: ನೀರಿನ ಕಂಪನಗಳ ಲೆಕ್ಕದಲ್ಲಿ 3.5 ಬಂದದ್ದು ಯಾಕೆ

ನನ್ನ ಪ್ರಶ್ನೆ: "ನೀರಿನ ಅಣುವಿಗೆ C2v ಕ್ಯಾರೆಕ್ಟರ್ ಟೇಬಲ್ ಹಾಕಿ ಲೆಕ್ಕ ಮಾಡಿದರೆ A1 3.5 ಸಲ ಬರುತ್ತಿದೆ. ಎಲ್ಲಿ ತಪ್ಪಿದೆ?"

ಅಪ್‌ಡೇಟ್: ತಪ್ಪು ಸಿಕ್ಕಿತು, C2 ಕಾಲಂನಲ್ಲಿತ್ತು. C2 ಅಂದರೆ ಅಣುವನ್ನು z ಅಕ್ಷದ ಸುತ್ತ ಅರ್ಧ ಸುತ್ತು ತಿರುಗಿಸುವುದು. ಹಾಗೆ ತಿರುಗಿಸಿದಾಗ ಎರಡು ಹೈಡ್ರೋಜನ್‌ಗಳು ಜಾಗ ಬದಲಿಸುತ್ತವೆ, ಅವುಗಳ ಪಾಲು ಸೊನ್ನೆ. ಆಕ್ಸಿಜನ್ ಅಲ್ಲೇ ಇರುತ್ತದೆ ಅಲ್ವಾ ಅಂತ ಸುಮ್ನೆ +1 ಬರೆದಿದ್ದೆ. ನೋಡಬೇಕಾದದ್ದು ಅದು ಸರಿಯಬಹುದಾದ x, y, z ದಿಕ್ಕುಗಳಿಗೆ ಬಿಡಿಸುವ ಮೂರು ಬಾಣಗಳನ್ನು. x, y ದಿಕ್ಕು ಬದಲಿಸುತ್ತವೆ, z ಹಾಗೇ ಉಳಿಯುತ್ತದೆ. ಮೊತ್ತ −1.

ಅಣುವನ್ನು yz ಸಮತಲದಲ್ಲಿಟ್ಟರೆ ಸರಿಯಾದ ಸಾಲು ಇದು:

```
E   C2   σ(xz)   σ(yz)
9   −1     1       3
```

ಈಗ A1 = (9 − 1 + 1 + 3)/4 = 3. ಭಿನ್ನರಾಶಿ ಬಂದರೆ ಕ್ಯಾರೆಕ್ಟರ್ ಅಥವಾ ಕೂಡುವಿಕೆ ಖಂಡಿತ ತಪ್ಪಿದೆ ಎಂದೇ ಅರ್ಥ.

ಒಟ್ಟು 3A1 + A2 + 2B1 + 3B2. ಅಣು ಇಡಿಯಾಗಿ ಸರಿಯುವುದಕ್ಕೆ A1 + B1 + B2, ತಿರುಗುವುದಕ್ಕೆ A2 + B1 + B2 ಕಳೆದೆ. ಉಳಿದದ್ದು 2A1 + B2, ಅಂದರೆ ಮೂರು ಕಂಪನ.

ಬಂಧಗಳು ಒಟ್ಟಿಗೆ ಹಿಗ್ಗುವುದು, ಕೋನ ಬಾಗುವುದು ಎರಡೂ A1. ಒಂದು ಹಿಗ್ಗಿದಾಗ ಇನ್ನೊಂದು ಕುಗ್ಗುವುದು B2. ಪುಸ್ತಕದಲ್ಲಿ B1 ಅಂತಿದ್ದರೆ ಗಾಬರಿ ಬೇಡ, ಅಲ್ಲಿ ಅಣುವನ್ನು xz ಸಮತಲದಲ್ಲಿ ಇಟ್ಟಿರುತ್ತಾರೆ.

ಬಾಣಗಳನ್ನು ಬಿಡಿಸಿ ನೋಡಲು ಹೇಳಿದವರಿಗೆ ತುಂಬಾ ಥ್ಯಾಂಕ್ಸ್.