60 ಹರ್ಟ್ಸ್ ಮಾನಿಟರ್: ವಿ-ಸಿಂಕ್ ಬದಲು ಫ್ರೇಮ್ ಲಿಮಿಟರ್, ಎಷ್ಟಕ್ಕೆ ಹಾಕುದು?

ಪ್ರಶ್ನೆ (ಉಡುಪಿ): ಮಾನಿಟರ್ 60 ಹರ್ಟ್ಸ್, ಫ್ರೀಸಿಂಕ್ ಇಲ್ಲ. ವಿ-ಸಿಂಕ್ ಆನ್ ಮಾಡಿದ್ರೆ ಮೌಸ್ ಭಾರ ಆಗ್ತದೆ, ಆಫ್ ಮಾಡಿದ್ರೆ ಚಿತ್ರ ಅಡ್ಡಕ್ಕೆ ಹರಿದ ಹಾಗೆ ಕಾಣ್ತದೆ. ಲಿಮಿಟ್ ಇಲ್ಲದಿದ್ರೆ 150 ಎಫ್‌ಪಿಎಸ್ ಬರ್ತದೆ. ಲಿಮಿಟರ್ ಹಾಕಿದ್ರೆ ಎರಡೂ ಸರಿ ಆಗ್ತದಾ?

ಮಣಿಪಾಲದಿಂದ: 60ಕ್ಕೆ ಲಿಮಿಟ್ ಹಾಕಿ, ವಿ-ಸಿಂಕ್ ಆಫ್. ಮಾನಿಟರ್ 60, ಫ್ರೇಮ್ 60, ಮತ್ತೆ ಹರಿಯುದು ಎಂತಕ್ಕೆ?

ಸುರತ್ಕಲ್‌ನಿಂದ: ಮೊದಲು ಪಿಂಗ್ ನೋಡಿ ಮಾರಾಯ್ರೆ. ಮಳೆಗಾಲದಲ್ಲಿ ನಮ್ಮ ಕಡೆ ಲೈನ್ ಹೀಗೇ.

ಉಡುಪಿ: ನೆಟ್ ತೆಗೆದು ಆಡಿದ್ರೂ ಇದೇ ಕಥೆ.

ಪಿಸಿ ಸರ್ವಿಸ್, ಹಂಪನಕಟ್ಟೆ: ಲೆಕ್ಕ ಹೊಂದಿದ್ರೆ ಸಾಲದು, ಹೊತ್ತು ಹೊಂದಬೇಕು. ಮಾನಿಟರ್ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಮೇಲಿಂದ ಕೆಳಗೆ ಚಿತ್ರ ಬರೀತದೆ. ಅದು ಯಾವಾಗ ಶುರು ಮಾಡ್ತದೆ ಅಂತ ಸಾದಾ ಲಿಮಿಟರ್‌ಗೆ ಗೊತ್ತಿಲ್ಲ. ಅರ್ಧ ಬರೆದಾಗ ಹೊಸ ಫ್ರೇಮ್ ಬಂದ್ರೆ ಅಲ್ಲೇ ಗೆರೆ.

ಅದಲ್ಲದೆ ಮಾನಿಟರ್ ಸರಿಯಾಗಿ 60 ಇರುದು ಅಪರೂಪ. ಬೇರೆ ಎಲ್ಲ ಮುಚ್ಚಿ testufo.com/refreshrate ತೆರೆದು ಐದು ನಿಮಿಷ ಬಿಡಿ. 59.951 ಬಂತು ಅಂತ ಇಟ್ಕೊಳ್ಳಿ. ಲಿಮಿಟ್ 60 ಇದ್ರೆ ವ್ಯತ್ಯಾಸ 0.049, ಅಂದ್ರೆ ಒಂದೇ ಗೆರೆ ಸುಮಾರು 20 ಸೆಕೆಂಡಲ್ಲಿ ಇಡೀ ಪರದೆ ದಾಟ್ತದೆ. ಅಂಚಲ್ಲಿದ್ದಾಗ "ಹೋಯ್ತು" ಅನ್ನಿಸ್ತದೆ, ನಡುವೆ ಬಂದಾಗ ಮೊದಲಿಗಿಂತ ಹೆಚ್ಚು ಕಣ್ಣಿಗೆ ಬೀಳ್ತದೆ.

ಮೌಸ್ ಭಾರ ಆಗುದು ಸಾಲು ನಿಲ್ಲುದರಿಂದ. ಮದುವೆ ಊಟದಲ್ಲಿ ಮೊದಲ ಪಂಕ್ತಿ ಏಳುವ ಮೊದಲೇ ಕುರ್ಚಿ ಹಿಂದೆ ಜನ ನಿಲ್ತಾರಲ್ಲ, ಹಾಗೆ. 150 ಮಾಡಬಲ್ಲ ಕಾರ್ಡ್ ಫ್ರೇಮ್ ಮುಗಿಸಿ ಕಾಯ್ತದೆ, ಅದರ ಹಿಂದೆ ಇನ್ನೊಂದು. ಪರದೆಗೆ ಬರುವಾಗ ಅದು ಎರಡು ಮೂರು ಫ್ರೇಮ್ ಹಿಂದಿನ ಮೌಸ್ ಚಲನೆ. ಲಿಮಿಟರ್ ಹೊಸ ಫ್ರೇಮ್ ಶುರು ಆಗುವ ಮೊದಲೇ ಆಟವನ್ನು ತಡೆದು ನಿಲ್ಲಿಸ್ತದೆ, ಹಾಗಾಗಿ ಸಾಲು ಕಟ್ಟುದಿಲ್ಲ.

ಆದ್ದರಿಂದ ನಾನು ಹೇಳುದು ವಿ-ಸಿಂಕ್ ಆನ್ ಇಟ್ಟೇ RTSS ಅನ್ನುವ ಲಿಮಿಟರ್ ಸಾಫ್ಟ್‌ವೇರ್‌ನಲ್ಲಿ ಲಿಮಿಟ್ ಕೂದಲೆಳೆಯಷ್ಟು ಕೆಳಗೆ ಹಾಕಿ: 59.951 − 0.01 = 59.941. ಹರಿಯುದು ವಿ-ಸಿಂಕ್ ನೋಡ್ಕೊಳ್ತದೆ, ಸಾಲು ಲಿಮಿಟರ್ ನೋಡ್ಕೊಳ್ತದೆ. 100 ಸೆಕೆಂಡಿಗೊಮ್ಮೆ ಒಂದು ಫ್ರೇಮ್ ಎರಡು ಸಲ ಕಾಣ್ತದೆ, ಅಷ್ಟೇ ಬೆಲೆ. ವಿ-ಸಿಂಕ್ ಪೂರ್ತಿ ಆಫ್ ಇಟ್ಟಷ್ಟು ಹಗುರ ಆಗ್ಲಿಕ್ಕಿಲ್ಲ. ಭಾರೀ ದೃಶ್ಯದಲ್ಲಿ ಕಾರ್ಡ್ 60ಕ್ಕಿಂತ ಕೆಳಗೆ ಇಳಿದ್ರೆ ಈ ಉಪಾಯ ನಡೆಯುದಿಲ್ಲ, ಗ್ರಾಫಿಕ್ಸ್ ಇಳಿಸಬೇಕು.

ಮಣಿಪಾಲದಿಂದ: ಆಟದೊಳಗಿನ ಲಿಮಿಟರ್‌ನಲ್ಲೇ ವಿಳಂಬ ಕಮ್ಮಿ ಅಲ್ವಾ? RTSS ಎಂತಕ್ಕೆ?

ಪಿಸಿ ಸರ್ವಿಸ್: ಅದು ಸರಿ, RTSSನಲ್ಲಿ ಒಂದು ಫ್ರೇಮ್‌ವರೆಗೆ ಹೆಚ್ಚಾಗಬಹುದು. ಆದ್ರೆ ಹೆಚ್ಚಿನ ಆಟಗಳು ಪೂರ್ಣ ಸಂಖ್ಯೆ ಮಾತ್ರ ತಗೊಳ್ತವೆ. ಇಲ್ಲಿ ದಶಾಂಶ ಬೇಕು. ಎರಡು ಲಿಮಿಟರ್ ಒಟ್ಟಿಗೆ ಮಾತ್ರ ಹಾಕ್ಬೇಡಿ.

ಕುಂದಾಪುರದಿಂದ: ನನ್ನದು 144 ಹರ್ಟ್ಸ್ ಫ್ರೀಸಿಂಕ್, ನಾನೂ 143.99 ಹಾಕ್ಬೇಕಾ?

ಪಿಸಿ ಸರ್ವಿಸ್: ಬೇಡ, ನಿಮ್ಮ ಮಾನಿಟರ್ ತಾನೇ ಫ್ರೇಮ್‌ಗೆ ಕಾಯ್ತದೆ. 141 ಹಾಕಿ, 144 ಮುಟ್ಟದ ಹಾಗೆ ಇದ್ರೆ ಆಯ್ತು.

ಉಡುಪಿ: 59.941 ಹಾಕಿದೆ. ಮೌಸ್ ಹಗುರ ಆಯ್ತು, ಗೆರೆ ಇಲ್ಲ. ಆದ್ರೆ ಸೆಕೆಂಡಿಗೊಮ್ಮೆ ಸಣ್ಣ ಜರ್ಕ್ ಉಂಟು.

ಪಿಸಿ ಸರ್ವಿಸ್: ಸೆಕೆಂಡಿಗೊಮ್ಮೆ ಅಂದ್ರೆ ವ್ಯತ್ಯಾಸ ಹತ್ತಿರ ಹತ್ತಿರ 1. ದಶಾಂಶ ಹಾರಿ 59 ಆಗಿರ್ಬೇಕು. ಹಳೇ RTSSನ ಬಾಕ್ಸ್ ದಶಾಂಶ ತಗೊಳ್ಳುದಿಲ್ಲ. ಹೊಸದು ಹಾಕಿ, ಇಲ್ಲವೇ RTSS ಮುಚ್ಚಿ, ನೋಟ್‌ಪ್ಯಾಡನ್ನು ಅಡ್ಮಿನ್ ಆಗಿ ತೆರೆದು Profiles ಫೋಲ್ಡರಿನ Global ಫೈಲಲ್ಲಿ ಹೀಗೆ ಮಾಡಿ:

```
[Framerate]
Limit=59941
LimitDenominator=1000
```

ಉಡುಪಿ: ಹೌದು, ಬಾಕ್ಸಲ್ಲಿ 59 ಅಂತಲೇ ಇತ್ತು. ಫೈಲ್ ತಿದ್ದಿದ ಮೇಲೆ ಜರ್ಕ್ ಇಲ್ಲ.

ಮಣಿಪಾಲದಿಂದ: RTSSನ Scanline sync ಇನ್ನೂ ಹಗುರ ಅಂತಾರೆ, ವಿ-ಸಿಂಕ್ ಬೇಡವೇ ಬೇಡ.

ಪಿಸಿ ಸರ್ವಿಸ್: ನೋಡಬಹುದು. Framerate limit ಅನ್ನುವ ಹೆಸರಿನ ಮೇಲೆ ಕ್ಲಿಕ್ ಮಾಡ್ತಾ ಹೋದ್ರೆ ಅದು ಸಿಗ್ತದೆ. ವಿ-ಸಿಂಕ್ ಆಫ್, ಫ್ರೇಮ್ ಲಿಮಿಟ್ 0. 1 ಕೊಟ್ಟು ಆಟದೊಳಗೆ Ctrl+Shift+Up, Ctrl+Shift+Down ಒತ್ತಿ ಗೆರೆಯನ್ನು ಪರದೆಯ ಅಂಚಿಂದ ಹೊರಗೆ ತಳ್ಳಬೇಕು. ಕಾರ್ಡ್ ಬಳಕೆ ಶೇ. 70–80 ದಾಟಿದ್ರೆ ಗೆರೆ ನಡುಗ್ತಾ ಒಳಗೆ ಬರ್ತದೆ. ಇವರ ಕಾರ್ಡಿಗೆ ಉಸಿರು ಉಂಟು, ಆದ್ರೆ ಪ್ರತಿ ಆಟದಲ್ಲೂ ಹೊಂದಿಸ್ತಾ ಕೂರುವ ತಾಳ್ಮೆ ಬೇಕು. ನಾನಾದ್ರೆ 59.941ರಲ್ಲೇ ಬಿಡ್ತೇನೆ.

ಮಣಿಪಾಲದಿಂದ: ನಾನು ಬಿಡುದಿಲ್ಲ. ಶೂಟರ್ ಆಡುವವರಿಗೆ ಆ ಒಂದು ಫ್ರೇಮೂ ಬೇಕು.