ಹಳೇ ಸಲೂನ್ ಕುರ್ಚಿ, ಸ್ಟೀಮರ್: ದುಡ್ಡು ಕೊಡುವ ಮುಂಚೆ ಏನೇನು ನೋಡಬೇಕು?

ಕೇಳಿದವರು (ಯಾದಗಿರಿ): ಕಲಬುರಗಿಯಲ್ಲಿ ಒಂದು ಪಾರ್ಲರ್ ಮುಚ್ಚುತ್ತಿದ್ದಾರೆ. ಮೂರು ಹೈಡ್ರಾಲಿಕ್ ಕುರ್ಚಿ, ಒಂದು ಹುಡ್ ಡ್ರೈಯರ್, ಒಂದು ಸ್ಟೀಮರ್ ಸೇರಿ 38 ಸಾವಿರ ಹೇಳ್ತಿದ್ದಾರೆ. ಭಾನುವಾರ ನೋಡೋಕೆ ಹೋಗ್ತೀನಿ. ಏನು ಚೆಕ್ ಮಾಡಲಿ?

ಬೀದರ್, ಪಾರ್ಲರ್ ನಡೆಸುವವರು: ಅಕ್ಕಾ, ರೆಕ್ಸಿನ್ ಹರಿದಿದೆಯಾ ಅಂತ ಮೊದಲು ನೋಡಬೇಡಿ, ಅದನ್ನು ಸೀಟ್ ಕವರ್ ಹೊಲಿಯುವವರು ಸರಿ ಮಾಡಿಕೊಡ್ತಾರೆ. ಕುರ್ಚಿಯ ಜೀವ ಇರೋದು ಕೆಳಗಿನ ಪಂಪ್‌ನಲ್ಲಿ. ಪೂರ್ತಿ ಮೇಲಕ್ಕೆ ಎತ್ತಿ, ಸೀಟಿನ ಅಂಚು ಎಲ್ಲಿದೆ ಅಂತ ಪಕ್ಕದ ಗೋಡೆ ಮೇಲೆ ಚಾಕ್‌ಪೀಸ್‌ನಿಂದ ಗೆರೆ ಹಾಕಿ. ನಿಮ್ಮ ಜೊತೆ ಬಂದವರಲ್ಲಿ ಯಾರು ದಪ್ಪ ಇದ್ದಾರೋ ಅವರನ್ನು ಹತ್ತು ನಿಮಿಷ ಕೂರಿಸಿ, ಅಷ್ಟರಲ್ಲಿ ಮಾಲೀಕರ ಜೊತೆ ಬೇರೆ ಮಾತು ಆಡಿ. ಗೆರೆಯಿಂದ ಕೆಳಗೆ ಇಳಿದಿದ್ದರೆ ಪಂಪ್ ಹಿಡಿದಿಟ್ಟುಕೊಳ್ತಿಲ್ಲ ಅಂತ ಅರ್ಥ. ಆಮೇಲೆ ಕುರ್ಚಿ ಸ್ವಲ್ಪ ವಾಲಿಸಿ ಬುಡ ನೋಡಿ. ಎಣ್ಣೆ ಮೆತ್ತಿಕೊಂಡು ಕೂದಲು, ಧೂಳು ಅಂಟಿದ್ದರೆ ಅದು ಇವತ್ತಿನ ಸೋರಿಕೆ ಅಲ್ಲ.

ಶಹಾಪುರದಿಂದ: ಇಳಿದರೆ ಏನಾಯ್ತು ರೀ, ಹೈಡ್ರಾಲಿಕ್ ಎಣ್ಣೆ ಹಾಕಿಸಿದರೆ ಮುಗೀತು. ಅದಕ್ಕೋಸ್ಕರ ಬಿಡಬೇಡಿ.

ಕಲಬುರಗಿ, ಸಲೂನ್ ಸಾಮಾನು ರಿಪೇರಿ ಮಾಡುವವರು: ಅಣ್ಣಾ, ನೀವು ಹೇಳಿದ್ದು ಅರ್ಧ ಸರಿ. ಎಷ್ಟು ಒತ್ತಿದರೂ ಕುರ್ಚಿ ಪೂರ್ತಿ ಮೇಲೆ ಬರದಿದ್ದರೆ ಎಣ್ಣೆ ಕಡಿಮೆ ಇರಬಹುದು. ಆದರೆ ಮೇಲೆ ಬಂದು ಭಾರಕ್ಕೆ ಮೆಲ್ಲಗೆ ಇಳಿಯೋದು ಒಳಗಿನ ಸೀಲ್ ಅಥವಾ ವಾಲ್ವ್ ಸವೆದ ಲಕ್ಷಣ. ಎಣ್ಣೆ ಎಷ್ಟು ಸುರಿದರೂ ಅದು ನಿಲ್ಲಲ್ಲ. ಎಷ್ಟೋ ಪಂಪ್ ಬಿಚ್ಚೋಕೇ ಬರಲ್ಲ, ಪೂರ್ತಿ ಬದಲಾಯಿಸಬೇಕು.

ಒಂದು ವಿಷಯ ಮಾತ್ರ ನೆನಪಿಡಿ. ಕುರ್ಚಿ ಇಳಿಯುತ್ತಿರುವಾಗಲೇ ಕಾಲಿನ ಲಿವರನ್ನು ಬೂಟಿನ ತುದಿಯಿಂದ ಮೇಲಕ್ಕೆ ಎತ್ತಿ ಹಿಡಿಯಿರಿ. ಇಳಿಯೋದು ನಿಂತರೆ ಪಂಪ್ ಚೆನ್ನಾಗಿದೆ, ಲಿವರ್ ಬಾಗಿ ವಾಲ್ವನ್ನು ಸುಮ್ನೆ ಒತ್ತಿಕೊಂಡಿದೆ ಅಷ್ಟೇ. ಅದು ಸಣ್ಣ ಕೆಲಸ. ಮಾರುವವರಿಗೇ ಇದು ಗೊತ್ತಿರಲ್ಲ, ಹಾಳಾಗಿದೆ ಅಂದುಕೊಂಡು ಕಡಿಮೆಗೆ ಕೊಡ್ತಾರೆ.

ಹುಮನಾಬಾದ್‌ನಿಂದ: ನಮ್ಮ ತಂದೆಯದು ಹಳೇ ಕಟ್ಟಿಗೆ ಕುರ್ಚಿ, ಪಂಪೂ ಇಲ್ಲ ಏನೂ ಇಲ್ಲ, ಇನ್ನೂ ಗಟ್ಟಿ ಇದೆ. ಬೇಕಿದ್ದರೆ ಹೇಳಿ, ಕೊಡ್ತೀನಿ.

ಸೇಡಂ, ಬ್ಯೂಟಿಷಿಯನ್: ಕುರ್ಚಿ ಬಗ್ಗೆ ನನಗೆ ಗೊತ್ತಿಲ್ಲ, ಸ್ಟೀಮರ್ ಬಗ್ಗೆ ಹೇಳ್ತೀನಿ. ನಮ್ಮ ಕಡೆ ಸುಣ್ಣದ ಕಲ್ಲಿನ ನೆಲ, ಬೋರ್ ನೀರು ಕಾಯಿಸಿದರೆ ಪಾತ್ರೆಗೆ ಬಿಳಿ ಪದರ ಕಟ್ಟುತ್ತಲ್ವಾ, ಸ್ಟೀಮರ್ ಕಾಯಿಲ್‌ಗೂ ಅದೇ ಗತಿ. ನಾನು ತಗೊಂಡ ಹಳೇ ಸ್ಟೀಮರ್ ಆವಿ ಬದಲು ಕುದಿಯುವ ನೀರು ಉಗುಳ್ತಿತ್ತು. ಪುಣ್ಯಕ್ಕೆ ಕಸ್ಟಮರ್ ಮುಖ ಇನ್ನೂ ದೂರ ಇತ್ತು. ಅದಕ್ಕೇ ಟಾರ್ಚ್ ಹಾಕಿ ಟ್ಯಾಂಕ್ ಒಳಗೆ ನೋಡಿ. ತೆಳು ಪದರ ಆದರೆ ಬಿಳಿ ವಿನೆಗರ್ ಹಾಕಿ ರಾತ್ರಿ ಇಟ್ಟರೆ ಬಿಡುತ್ತದೆ, ಆಮೇಲೆ ಚೆನ್ನಾಗಿ ತೊಳೆಯಬೇಕು. ಕಾಯಿಲೇ ಕಾಣದಷ್ಟು ದಪ್ಪ ಇದ್ದರೆ ಬಿಡಿ.

ಇನ್ನೊಂದು, ನೀವು ಹೋಗುವ ಮುಂಚೆ ಆನ್ ಮಾಡಿ ಇಟ್ಟಿರಬಾರದು. ಮೊದಲು ಮುಟ್ಟಿ ನೋಡಿ, ತಣ್ಣಗಿರಬೇಕು. ನೀವೇ ಗೆರೆವರೆಗೆ ನೀರು ಹಾಕಿ ಆನ್ ಮಾಡಿ. ಕೊನೆಗೆ ನೀರು ಮುಗಿಯುವ ತನಕ ಪಕ್ಕದಲ್ಲೇ ನಿಂತು, ತಾನೇ ಆಫ್ ಆಗುತ್ತಾ ನೋಡಿ. ಆಗದಿದ್ದರೆ ತಕ್ಷಣ ಪ್ಲಗ್ ಕಿತ್ತು ಬನ್ನಿ, ಅದು ಬೇಡ.

ಕಲಬುರಗಿ, ರಿಪೇರಿಯವರು: ಹುಡ್ ಡ್ರೈಯರ್ ಇಪ್ಪತ್ತು ನಿಮಿಷ ಓಡಿಸಿ. ನಡುವೆ ಕಟ್ ಆಗಿ, ತಣ್ಣಗಾದ ಮೇಲೆ ಮತ್ತೆ ಶುರುವಾದರೆ ಗಾಳಿ ಎಳೆಯುವ ಜಾಗದಲ್ಲಿ ಕೂದಲು ತುಂಬಿರಬಹುದು. ಸ್ವಚ್ಛ ಮಾಡಿಸಿ ಮತ್ತೆ ಓಡಿಸಿ. ಫ್ಯಾನ್ ಗರಗರ ಅಂದರೆ, ಸುಟ್ಟ ವಾಸನೆ ಬಂದರೆ ಬೇಡ. ಮೈ ಲೋಹದ್ದಾದರೆ ಟೆಸ್ಟರ್ ಹಚ್ಚಿ ನೋಡಿ. ಮೂರು ಪಿನ್‌ನ ಪ್ಲಗ್ ಕಿತ್ತು ಎರಡು ಪಿನ್ ಹಾಕಿರೋದು ಕಂಡರೆ ಅರ್ಥಿಂಗ್ ಇಲ್ಲದೆ ಓಡಿಸಿದ್ದಾರೆ ಅಂತಲೇ ತಿಳಿಯಿರಿ.

ಬೀದರ್: ಹುಡ್ ಡ್ರೈಯರ್ ಬೇಕೇ ಬೇಕಾ ಅಕ್ಕಾ? ನನ್ನ ಹತ್ತಿರ ಬರುವವರೆಲ್ಲ ಹ್ಯಾಂಡ್ ಡ್ರೈಯರ್‌ನಲ್ಲೇ ಮುಗಿಸಿ ಅಂತಾರೆ.

ಸೇಡಂ: ಕಲರ್, ಸ್ಪಾ ಮಾಡುವವರಿಗೆ ಬೇಕು. ಎಲ್ಲಾ ಕಡೆ ಒಂದೇ ಅಲ್ಲ.

ಕೇಳಿದವರು: ಹೋಗಿ ಬಂದೆ. ಒಂದು ಕುರ್ಚಿ ಗೆರೆಯಿಂದ ಕದಲಲಿಲ್ಲ. ಎರಡನೇದು ಎರಡು ಬೆರಳು ಇಳೀತು, ಲಿವರ್ ಎತ್ತಿದ ತಕ್ಷಣ ನಿಂತಿತು. ಮೂರನೇದು ಲಿವರ್ ಎತ್ತಿದರೂ ಇಳೀತಾನೇ ಇತ್ತು, ಬುಡದಲ್ಲಿ ಎಣ್ಣೆ ಬೇರೆ. ಸ್ಟೀಮರ್ ಒಳಗೆ ಕಾಯಿಲ್ ಕಾಣಲೇ ಇಲ್ಲ. ಡ್ರೈಯರ್ ಸರಿ ಓಡಿತು. ಮೂರನೇ ಕುರ್ಚಿ, ಸ್ಟೀಮರ್ ಬಿಟ್ಟು 21 ಸಾವಿರ ಅಂದೆ. ಅವರು ಎಲ್ಲಾ ಸೇರಿಸಿ 30ಕ್ಕೆ ತಗೊಳ್ಳಿ ಅಂತಾರೆ.

ಕಲಬುರಗಿ, ರಿಪೇರಿಯವರು: 30 ಬೇಡ. ಮೂರನೇ ಕುರ್ಚಿಯ ಪಂಪ್ ಎಸೆದರೂ ಸೀಟು, ಹಿಂಬದಿ, ಕೈ ಇಡುವ ಭಾಗ ಎರಡನೇದಕ್ಕೆ ಬಿಡಿಭಾಗ ಆಗುತ್ತದೆ, ಅದಕ್ಕೆ ಬೇಕಿದ್ದರೆ ಸಾವಿರ ಎರಡು ಸಾವಿರ ಸೇರಿಸಿ. ಸ್ಟೀಮರ್ ಪುಕ್ಕಟೆ ಕೊಟ್ಟರೂ ತರಬೇಡಿ.

ಶಹಾಪುರದಿಂದ: ಪುಕ್ಕಟೆ ಕೊಟ್ಟರೆ ನನಗೆ ಕೊಡಿ ರೀ, ನಾನು ವಿನೆಗರ್ ಹಾಕಿ ನೋಡ್ತೀನಿ.